ಅಂಜಿಕೆಗೆ ಕಾವಲು ಕೂತ ಸಂಗಾತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಮನೆಗಳಲ್ಲಿ ಟ್ರಂಕಿನ ಮೇಲೋ ತಿಜೋರಿಯ ಮೇಲೋ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರಲ್ಲಿ ಮಿರಜ, ಸಾಂಗಲಿ, ಕೊಲ್ಹಾಪುರ, ಬೆಳಗಾವಿಯ ದವಾಖಾನೆಗಳ ಕಾಗದಗಳು. ಇಸಿಜಿ, ಎಕೋ, ಥೈರಾಯ್ಡ್, ರಕ್ತ, ಎದೆಯ ಫೋಟೋ. ಎಲ್ಲವೂ ಸರಿ ಇದೆ ಎಂದೇ ಬರೆದಿರುತ್ತದೆ. ವೈದ್ಯರು ಕೊನೆಗೆ ‘ಏನೂ ಇಲ್ಲ, ಟೆನ್ಶನ್ ಮಾಡ್ಕೋಬ್ಯಾಡ್ರಿ’ ಎಂದು ಹೇಳಿ ಕಳಿಸಿರುತ್ತಾರೆ. ಏನೂ ಇಲ್ಲದಿದ್ದರೆ ವಾರಕ್ಕೆರಡು ಸಲ ಎದೆ ಒಡೆದು ಹೋಗುವ ಹಾಗೆ ಏಕೆ ಬಡಿದುಕೊಳ್ಳುತ್ತದೆ, ಕೈಕಾಲು ಏಕೆ ಜೋಮು ಹಿಡಿಯುತ್ತವೆ, ಈಗ ಸತ್ತೇ ಹೋಗುತ್ತೇನೆ ಎಂದು ಏಕೆ ಅನ್ನಿಸುತ್ತದೆ ಎಂಬ ಪ್ರಶ್ನೆ ಮಾತ್ರ ಆ ಮನೆಯಲ್ಲೇ ಉಳಿಯುತ್ತದೆ.

ಅದಕ್ಕೆ ಉತ್ತರ ಇದೆ. ಅದೊಂದು ಕಾಯಿಲೆ, ಆತಂಕದ ಕಾಯಿಲೆ. ಇಂದು ನಾನು ಮಾತಾಡಬೇಕೆಂದಿರುವುದು ಕಾಯಿಲೆಯವರಿಗಿಂತ ಹೆಚ್ಚಾಗಿ ಅವರ ಪಕ್ಕದಲ್ಲಿ ಕೂತಿರುವ ಗಂಡ ಅಥವಾ ಹೆಂಡತಿಯ ಬಗ್ಗೆ. ನಾನು ಈ ಭಾಗದಲ್ಲಿ ಮನೋವೈದ್ಯರ ಜೊತೆ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಕಾಯಿಲೆಯವರ ಕತೆ ಕೇಳಿ ಮುಗಿಯುವ ಹೊತ್ತಿಗೆ ಚೀಲ ಹಿಡಿದು ಬಾಗಿಲ ಬಳಿ ನಿಂತಿರುವವರ ಮುಖ ನೋಡುತ್ತೇನೆ. ಕೆಲವು ಸಲ ಕಾಯಿಲೆಯವರಿಗಿಂತ ಅವರೇ ಹೆಚ್ಚು ಸೊರಗಿರುತ್ತಾರೆ.

ಒಂದು ಮನೆಯ ಸಂಗತಿ ಹೇಳುತ್ತೇನೆ. ಗುರುತು ಸಿಗಬಾರದೆಂದು ಎರಡು ಮೂರು ಮನೆಗಳ ವಿವರಗಳನ್ನು ಬೆರೆಸಿದ್ದೇನೆ, ಊರನ್ನೂ ಬಿಟ್ಟಿದ್ದೇನೆ. ರಾಯಬಾಗ ತಾಲ್ಲೂಕಿನ ಮನೆ ಎಂದುಕೊಳ್ಳಿ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಹೆಂಡತಿಗೆ ಮೂವತ್ತರ ಆಸುಪಾಸು, ಹನ್ನೆರಡು ವರ್ಷದ ಮಗಳು, ಮನೆಯಲ್ಲಿ ಅತ್ತೆ. ಒಂದು ವರ್ಷ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದಾಗ, ಉಪವಾಸದ ಹೊಟ್ಟೆ, ಬಿಸಿಲು, ಮಂದಿಯ ನೂಕಾಟದ ನಡುವೆ ಆಕೆಗೆ ಒಮ್ಮೆಲೆ ಉಸಿರು ಕಟ್ಟಿದ ಹಾಗಾಯಿತು. ಎದೆ ಡಬಡಬ ಬಡಿಯಿತು, ಬೆರಳತುದಿ ಜುಮ್ಮೆಂದವು, ಕಣ್ಣು ಕತ್ತಲೆ ಬಂತು. ಗಾಡಿ ಮಾಡಿಕೊಂಡು ಮಿರಜಕ್ಕೆ ಒಯ್ದರು. ದವಾಖಾನೆ ಮುಟ್ಟುವಷ್ಟರಲ್ಲಿ ಅರ್ಧ ಕಡಿಮೆಯಾಗಿತ್ತು. ಇಸಿಜಿ ಸರಿ ಬಂತು. ಊರಲ್ಲಿ ಕೆಲವರು ದೇವಿಯ ಕಾಟ ಎಂದರು, ಕೆಲವರು ದೃಷ್ಟಿ ಎಂದರು. ಭಂಡಾರ ಹಚ್ಚಿಸಿದರು, ಹರಕೆ ಹೊತ್ತರು. ಅದರಲ್ಲಿ ನನಗೆ ತಕರಾರಿಲ್ಲ. ಹರಕೆ ಮನಸ್ಸಿಗೆ ಆಸರೆ ಕೊಡುತ್ತದೆ. ಚಿಕಿತ್ಸೆಯನ್ನು ಬಿಡಿಸದಿದ್ದರೆ ಸಾಕು.

ಎರಡು ವಾರದ ಮೇಲೆ ಬಸ್ಸಿನಲ್ಲಿ ಮತ್ತೆ ಹಾಗೇ ಆಯಿತು. ಅಲ್ಲಿಂದ ಆಕೆ ಒಬ್ಬಳೇ ಬಸ್ಸು ಹತ್ತುವುದನ್ನು ಬಿಟ್ಟಳು. ಮೊದಮೊದಲು ಗಂಡ ಜೊತೆಗೆ ಹೋಗುತ್ತಿದ್ದ. ಅದು ಸಹಜವೇ. ಆಮೇಲೆ ಸಂತೆಯನ್ನು ಅವನೇ ಮಾಡತೊಡಗಿದ. ಆಮೇಲೆ ಫೋನು ಶುರುವಾಯಿತು. ‘ಎದಿ ಹೊಡ್ಕೊಳ್ಳಾಕತ್ತೈತ್ರಿ, ನನಗ ಏನರ ಆತಂದ್ರ?’ ಎಂದು ಅವಳು ಕೇಳುವುದು, ‘ಏನೂ ಆಗಂಗಿಲ್ಲ ಸುಮ್ನಿರ, ನಾ ಅದೀನಲ್ಲ’ ಎಂದು ಅವನು ಹೇಳುವುದು. ಕೆಲಸದ ಹೊತ್ತಿನಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ಸಲ. ಕಬ್ಬು ನುರಿಸುವ ಹಂಗಾಮು ಬಂದಾಗ ರಾತ್ರಿ ಪಾಳಿ ಬೇಡವೆಂದು ಬರೆದುಕೊಟ್ಟ. ಹೆಚ್ಚಿನ ತಾಸಿನ ದುಡ್ಡು ಹೋಯಿತು. ಏಕಾದಶಿಯ ಭಜನೆಯಲ್ಲಿ ಅವನದು ಹಾರ್ಮೋನಿಯಂ. ಅದನ್ನೂ ಬಿಟ್ಟ. ಅವನು ಇಲ್ಲದ ಹೊತ್ತಿನಲ್ಲಿ ತಾಯಿಯ ಪಕ್ಕ ಇರಬೇಕೆಂದು ಮಗಳಿಗೆ ಹೇಳಿದ್ದರಿಂದ ಆ ಹುಡುಗಿಯ ಸಾಲೆ ವಾರಕ್ಕೊಂದೆರಡು ದಿನ ತಪ್ಪತೊಡಗಿತು. ಒಂದು ವರ್ಷ ಕಳೆಯುವುದರೊಳಗೆ ಅವನಿಗೆ ಬಿಪಿ ಗುಳಿಗೆ ಶುರುವಾಗಿತ್ತು, ತಂಬಾಕಿನ ಚೀಲ ದೊಡ್ಡದಾಗಿತ್ತು. ಇಷ್ಟೆಲ್ಲ ಮಾಡಿದರೂ ಆಕೆಯ ಅಂಜಿಕೆ ಕಡಿಮೆಯಾಗಿರಲಿಲ್ಲ, ಮೊದಲಿಗಿಂತ ಹೆಚ್ಚಾಗಿತ್ತು.

‘ನಾ ಇಷ್ಟ್ ಮಾಡಿದ್ರೂ ಯಾಕ್ ಕಡಿಮಿ ಆಗವಲ್ದು ಅಕ್ಕಾರ?’ ಎಂದು ಆತ ಕೇಳಿದ. ಇಂದಿನ ನನ್ನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆ. ಅವನು ಇಷ್ಟೆಲ್ಲ ಮಾಡಿದ್ದರಿಂದಲೇ ಕಡಿಮೆಯಾಗಿರಲಿಲ್ಲ. ಇದನ್ನು ಕೇಳಿದವರಿಗೆ ಮೊದಲು ಸಿಟ್ಟು ಬರುತ್ತದೆ, ಆದ್ದರಿಂದ ಸಾವಕಾಶವಾಗಿ ಬಿಡಿಸಿ ಹೇಳುತ್ತೇನೆ.

ಗಾಬರಿಯ ಹೊಡೆತಕ್ಕೆ ಅದರದೇ ಒಂದು ನಡೆ ಇದೆ. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರುತ್ತದೆ, ಅರ್ಧ ತಾಸಿನ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಯಾರೂ ಏನೂ ಮಾಡದಿದ್ದರೂ ಇಳಿಯುತ್ತದೆ. ಮಿರಜದ ದಾರಿಯಲ್ಲೇ ಅರ್ಧ ಕಡಿಮೆಯಾಗಿದ್ದು ಇದೇ ಕಾರಣಕ್ಕೆ. ಆದರೆ ಆ ಹೊತ್ತಿನಲ್ಲಿ ಗಂಡ ಓಡಿ ಬಂದಿದ್ದರೆ, ಫೋನಿನಲ್ಲಿ ಸಮಾಧಾನ ಹೇಳಿದ್ದರೆ, ‘ಅವರು ಬಂದರು, ಅದಕ್ಕೇ ಉಳಿದೆ’ ಎಂದು ಮನಸ್ಸು ಬರೆದಿಟ್ಟುಕೊಳ್ಳುತ್ತದೆ. ಅವರು ಬರದಿದ್ದರೂ ಉಳಿಯುತ್ತಿದ್ದೆ ಎಂಬುದನ್ನು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಗಜಕರ್ಣ ಕೆರೆದುಕೊಂಡ ಹಾಗೆ. ಕೆರೆದ ಗಳಿಗೆಯಲ್ಲಿ ಹಿತ, ಆದರೆ ಕೆರೆದಷ್ಟೂ ಹಬ್ಬುತ್ತದೆ. ಪ್ರತಿ ಸಮಾಧಾನದ ಮಾತು ಆ ಗಳಿಗೆಗೆ ನಿಜವಾಗಿಯೂ ತಂಪು ಕೊಡುತ್ತದೆ. ಅದಕ್ಕಾಗಿಯೇ ಅದು ಇಷ್ಟು ಮೋಸ ಮಾಡುತ್ತದೆ.

ಸಮಾಧಾನ ಹೇಳುವುದೇ ತಪ್ಪೇ ಎಂದು ನೀವು ಕೇಳಬಹುದು. ಅಲ್ಲ. ಒಮ್ಮೆ ಹೇಳಿದ ಮಾತಿನಿಂದ ಅರ್ಧ ದಿನ ನೆಮ್ಮದಿ ಸಿಕ್ಕರೆ ಅದು ಸಂಗಾತಿಯ ಮಾತು. ಅದೇ ಪ್ರಶ್ನೆ ಹತ್ತು ನಿಮಿಷಕ್ಕೆ ಮತ್ತೆ ಬಂದರೆ, ನೆಮ್ಮದಿ ಉಳಿಯುವ ಹೊತ್ತು ವಾರದಿಂದ ವಾರಕ್ಕೆ ಸಣ್ಣದಾಗುತ್ತಿದ್ದರೆ, ನೀವು ಉತ್ತರ ಕೊಡುತ್ತಿರುವುದು ಕಾಯಿಲೆಗೆ. ಇನ್ನೊಂದು ಗುರುತೂ ಇದೆ. ಕಳೆದ ವರ್ಷ ನೀವು ಮಾಡುತ್ತಿದ್ದು ಈ ವರ್ಷ ಬಿಟ್ಟಿರುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ರಾತ್ರಿ ಪಾಳಿ, ಭಜನೆ, ತವರು, ಅಕ್ಕನ ಮಗಳ ಮದುವೆ. ಆ ಪಟ್ಟಿ ಬೆಳೆಯುತ್ತಿದೆ ಎಂದರೆ ಆಕೆಯ ಅಂಜಿಕೆಯೂ ಬೆಳೆಯುತ್ತಿದೆ ಎಂದೇ ಲೆಕ್ಕ. ನೀವು ಕಳೆದುಕೊಂಡದ್ದು ಅವರಿಗೆ ಸಿಕ್ಕಿರುವುದಿಲ್ಲ. ನಾನು ಕಂಡ ಮನೆಗಳಲ್ಲಿ ಎರಡೂ ಒಟ್ಟಿಗೇ ಕರಗಿವೆ. ಹಾಗಾಗಿ ಸಂಗಾತಿ ತನ್ನ ಬದುಕನ್ನು ಮರಳಿ ಪಡೆಯುವುದನ್ನು ಸ್ವಾರ್ಥ ಎಂದು ನಾನು ಎಣಿಸುವುದಿಲ್ಲ. ಸರಿಯಾಗಿ ಮಾಡಿದರೆ ಅದೇ ಚಿಕಿತ್ಸೆಯ ಅರ್ಧ ಭಾಗ.

‘ಸರಿಯಾಗಿ’ ಎಂಬಲ್ಲೇ ಎಲ್ಲ ಇದೆ. ಎಷ್ಟೋ ಗಂಡಂದಿರು ಈ ಮಾತು ಕೇಳಿದ ದಿನವೇ ಮನೆಗೆ ಹೋಗಿ ‘ಇನ್ನ ಫೋನ್ ಮಾಡಬ್ಯಾಡ, ಎಲ್ಲಾ ನಿನ್ನ ನಾಟಕ’ ಎನ್ನುತ್ತಾರೆ. ಅದರಿಂದ ಕೆಲಸ ಕೆಡುತ್ತದೆ. ಈ ಬಗ್ಗೆ ಒಂದು ಒಳ್ಳೆಯ ಅಧ್ಯಯನವಿದೆ. ಅಮೆರಿಕದ ಡಯಾನ್ ಚೇಂಬ್ಲೆಸ್ ಮತ್ತು ಗೇಲ್ ಸ್ಟೆಕೆಟೀ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ್ದು. ಮನೆಯವರು ಹಗೆತನದಿಂದ, ವ್ಯಕ್ತಿಯನ್ನೇ ಹೀಗಳೆದು ಮಾತಾಡುವ ಕಡೆ ರೋಗಿಗಳು ಚಿಕಿತ್ಸೆಯನ್ನು ನಡುವೆಯೇ ಬಿಡುವುದು ಹೆಚ್ಚಾಗಿತ್ತು, ಗುಣ ಕಡಿಮೆಯಾಗಿತ್ತು. ಆದರೆ ಹಗೆತನವಿಲ್ಲದ ಟೀಕೆ, ಅಂದರೆ ರೋಗಿಯ ಒಂದು ನಡತೆಯನ್ನು ಹಿಡಿದು ‘ಇದು ನನಗೆ ಕಷ್ಟವಾಗುತ್ತಿದೆ’ ಎಂದು ನೇರವಾಗಿ ಹೇಳಿದ ಮಾತು, ಗುಣವಾಗುವುದಕ್ಕೆ ಅಡ್ಡಿಯಾಗಲಿಲ್ಲ, ಇನ್ನೂ ಒಳ್ಳೆಯ ಫಲದ ಜೊತೆಗೇ ಕಂಡುಬಂತು. ‘ನೀ ಹಿಂಗ’ ಎನ್ನುವುದು ಒಂದು. ‘ಕೆಲಸದಾಗ ಇಪ್ಪತ್ ಸಲ ಫೋನ್ ಬಂದ್ರ ನನಗ ಆಗವಲ್ದು’ ಎನ್ನುವುದು ಇನ್ನೊಂದು. ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರುವ ಒಳ್ಳೆಯ ಗಂಡನಿಗಿಂತ ಎರಡನೆಯ ಮಾತು ಆಡಬಲ್ಲ ಗಂಡನಿಂದ ಆಕೆಗೆ ಹೆಚ್ಚು ಉಪಯೋಗ.

ಆ ಮನೆಯಲ್ಲಿ ಏನು ಮಾಡಿದೆವು ಎಂದು ಹೇಳುತ್ತೇನೆ. ಮೊದಲು ವೈದ್ಯರು ಹಳೆಯ ಚೀಲವನ್ನೆಲ್ಲ ನೋಡಿದರು. ಇಸಿಜಿ, ಬಿಪಿ, ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಇಷ್ಟು ಒಮ್ಮೆ ಸರಿಯಾಗಿ ಆಗಿರಬೇಕು. ಥೈರಾಯ್ಡ್ ಹೆಚ್ಚಾದರೂ, ರಕ್ತ ತೀರಾ ಕಡಿಮೆಯಿದ್ದರೂ ಎದೆ ಹೀಗೇ ಬಡಿದುಕೊಳ್ಳಬಹುದು. ಆಕೆಗೆ ಅವೆಲ್ಲ ಆಗಿದ್ದವು. ಆದ್ದರಿಂದ ಇನ್ನು ಮುಂದೆ ಪ್ರತಿ ಸಲದ ಗಾಬರಿಗೂ ಇಸಿಜಿ ಬೇಡ ಎಂದು ವೈದ್ಯರೇ ಗಂಡ ಹೆಂಡತಿ ಇಬ್ಬರ ಮುಂದೆ ಹೇಳಿದರು. ಯಾವಾಗ ಓಡಲೇಬೇಕು ಎಂಬುದನ್ನೂ ಹೇಳಿದರು. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಂಡಿ ನೋವು ಎಡಗೈಗೋ ದವಡೆಗೋ ಹರಿದರೆ, ಎಚ್ಚರ ತಪ್ಪಿ ಬಿದ್ದರೆ, ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ ತಡಮಾಡಬಾರದು. ನಲವತ್ತು ದಾಟಿದವರಿಗೆ ಮೊದಲ ಸಲ ಎದೆನೋವು ಬಂದರೆ ಅದನ್ನು ಗಾಬರಿ ಎಂದು ಮನೆಯಲ್ಲೇ ತೀರ್ಮಾನಿಸಬಾರದು.

ಔಷಧಿಯ ವಿಷಯವನ್ನು ಗಂಡನಿಗೂ ಬಿಡಿಸಿ ಹೇಳಿದರು. ಎಸ್ಸಿಟಲೊಪ್ರಾಮ್, ಸರ್ಟ್ರಲಿನ್‌ನಂಥ ಗುಳಿಗೆಗಳು ಕೆಲಸ ಮಾಡಲು ಎರಡರಿಂದ ಆರು ವಾರ ಹಿಡಿಯುತ್ತವೆ. ಮೊದಲ ವಾರ ಚಡಪಡಿಕೆ ಸ್ವಲ್ಪ ಹೆಚ್ಚಾಗಲೂಬಹುದು. ನಮ್ಮ ಕಡೆ ಬಹಳ ಜನ ಬಿಡುವುದು ಆ ಮೊದಲ ವಾರದಲ್ಲೇ, ‘ಈ ಗುಳಿಗಿ ಆಗಿಬರಂಗಿಲ್ಲ’ ಎಂದು. ಗುಣ ಕಂಡ ಮೇಲೆಯೂ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಅಲ್ಪ್ರಝೋಲಾಮ್, ಕ್ಲೊನಾಝೆಪಾಮ್‌ನಂಥವು ಬೇರೆ ಜಾತಿ. ತಕ್ಷಣ ತಣಿಸುತ್ತವೆ, ದಿನಗಟ್ಟಲೆ ನುಂಗಿದರೆ ಚಟವಾಗುತ್ತವೆ. ಅವನ್ನು ವೈದ್ಯರು ಹೇಳಿದಷ್ಟೇ ದಿನ ತೆಗೆದುಕೊಳ್ಳಬೇಕು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ಮತ್ತೆ ಮತ್ತೆ ತರುವ ಸಂಗಾತಿಗಳನ್ನು ನಾನು ಕಂಡಿದ್ದೇನೆ. ಅದೂ ಪ್ರೀತಿಯಿಂದ ಮಾಡುವ ಕೆಲಸವೇ, ಅಪಾಯವೂ ಅಷ್ಟೇ.

ಆಮೇಲೆ ಮೂವರೂ ಕೂತು ಗಂಡ ಅಂಜಿಕೆಯ ಸಲುವಾಗಿ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಬರೆದೆವು. ಯಾವುದನ್ನು ಮೊದಲು ಬಿಡಬೇಕು ಎಂದು ತೀರ್ಮಾನಿಸುವ ಹಕ್ಕು ಆಕೆಯದು. ಆಕೆಗೆ ಗೊತ್ತಿಲ್ಲದೆ, ಆಕೆ ಒಪ್ಪದೆ ಏನನ್ನೂ ಕಡಿತ ಮಾಡಬಾರದು. ಒಂದನ್ನು ಮಾತ್ರ ಆಕೆಯನ್ನು ಕೇಳದೆ ಮೊದಲೇ ನಿಲ್ಲಿಸಿದೆವು. ಮಗಳನ್ನು ಕಾವಲು ಕೂರಿಸುವುದು. ಸಾಲೆಯ ಹುಡುಗಿ ತಾಯಿಯ ಉಸಿರು ಎಣಿಸುತ್ತ ಕೂರಬಾರದು. ಆ ಹುಡುಗಿ ಅದೇ ಅಂಜಿಕೆಯನ್ನು ಕಲಿಯುತ್ತಾಳೆ. ಇದರಲ್ಲಿ ಚೌಕಾಸಿಯಿಲ್ಲ ಎಂದು ನಾನೇ ಹಟ ಹಿಡಿದೆ.

ಆಕೆ ಆರಿಸಿದ್ದು ಫೋನನ್ನು. ಇನ್ನು ಮುಂದೆ ಎದೆ ಬಡಿದಾಗೆಲ್ಲ ಫೋನು ಇಲ್ಲ. ಬೆಳಗಿನ ಚಹಾದ ಹೊತ್ತಿಗೆ ಒಂದು, ಮಧ್ಯಾಹ್ನ ನಾಲ್ಕಕ್ಕೆ ಒಂದು. ಆ ಎರಡು ಸಲ ಗಂಡ ತಾನಾಗಿಯೇ ಮಾಡಬೇಕು, ಒಂದು ದಿನವೂ ತಪ್ಪಿಸಬಾರದು. ನಡುವೆ ಫೋನು ಬಂದರೆ ಹೇಳಬೇಕಾದ ಮಾತನ್ನು ಮೊದಲೇ ಗೊತ್ತುಮಾಡಿದೆವು. ‘ನಿನಗ ಅಂಜಿಕಿ ಬಂದೈತಿ, ಗೊತ್ತಾತು. ಇದನ್ನ ನೀ ತಡಕೋತಿ. ನಾಲ್ಕಕ್ಕ ಮಾತಾಡೂಣು.’ ಇಷ್ಟೇ. ಈ ಮಾತಿನಲ್ಲಿ ‘ಏನೂ ಆಗಂಗಿಲ್ಲ’ ಎಂಬುದು ಇಲ್ಲ, ಗಮನಿಸಿ. ಏನೂ ಆಗುವುದಿಲ್ಲ ಎಂದು ನಾವು ಭರವಸೆ ಕೊಟ್ಟರೆ ಆಕೆ ನಾಳೆಯೂ ಅದೇ ಭರವಸೆ ಕೇಳುತ್ತಾಳೆ. ಆಕೆಯ ಸಂಕಟ ನಿಜವೆಂದು ಒಪ್ಪಿಕೊಂಡು, ಅದನ್ನು ತಾಳುವ ಬಲ ಆಕೆಗಿದೆ ಎಂದು ಹೇಳುವ ಮಾತು ಬೇರೆ.

ಮೊದಲ ವಾರ ಫೋನು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹೀಗಾಗುತ್ತದೆ ಎಂದು ಮುಂಚೆಯೇ ಹೇಳಿದ್ದೆ. ಇಷ್ಟು ದಿನ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದರೆ ಯಾರೇ ಆದರೂ ಮೊದಲು ಇನ್ನೂ ಜೋರಾಗಿ ಬಡಿಯುತ್ತಾರೆ. ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲಿಯೇ. ಏಳು ಸಲ ಗಟ್ಟಿಯಾಗಿದ್ದು ಎಂಟನೆಯ ಸಲ ಗಂಡ ಕರಗಿ ಮನೆಗೆ ಓಡಿದರೆ, ಎಂಟು ಸಲ ಫೋನು ಮಾಡಿದರೆ ಬರುತ್ತಾರೆ ಎಂದು ಕಾಯಿಲೆ ಕಲಿಯುತ್ತದೆ. ಅದಕ್ಕಿಂತ ಮೊದಲ ಸಲವೇ ಹೋಗುವುದು ಮೇಲು. ಆತ ಒಂದು ದಿನ ಕರಗಿದ. ತಾಯಿ ಫೋನು ಮಾಡಿ ‘ನಿನ್ನ ಎದಿ ಕಲ್ಲೇನೋ’ ಎಂದಿದ್ದಳಂತೆ. ಆಗ ಅತ್ತೆಯನ್ನೂ ಕರೆಸಿ ಮಾತಾಡಬೇಕಾಯಿತು. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ ಒಪ್ಪಿಕೊಂಡರೆ ಸಾಲದು. ಗಂಡ ಬಿಟ್ಟ ಕಾವಲನ್ನು ಅತ್ತೆಯೋ ನೆಗೆಣ್ಣಿಯೋ ಹಿಡಿದುಕೊಂಡರೆ ಕಾವಲು ಬದಲಾಯಿತೇ ಹೊರತು ಮುಗಿಯಲಿಲ್ಲ. ಮೂರನೆಯ ವಾರದ ಹೊತ್ತಿಗೆ ನಡುವಿನ ಫೋನುಗಳು ದಿನಕ್ಕೆ ನಾಲ್ಕೈದಕ್ಕೆ ಇಳಿದವು.

ಮುಂದೆ ಬಸ್ಸು. ಇಲ್ಲಿ ಒಂದು ಹಳೆಯ ಪ್ರಯೋಗದ ಮಾತು ಹೇಳಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆಂಡ್ರ್ಯೂ ಮ್ಯಾಥ್ಯೂಸ್ ಮತ್ತು ಜೊತೆಗಾರರು ಮನೆ ಬಿಟ್ಟು ಹೊರಗೆ ಹೋಗಲು ಅಂಜುವ ಹೆಂಗಸರಿಗೆ ಮನೆಯಲ್ಲೇ ಮಾಡುವ ಚಿಕಿತ್ಸೆಯೊಂದನ್ನು 1977ರಲ್ಲಿ ವರದಿ ಮಾಡಿದರು. ಆಕೆಗೊಂದು, ಗಂಡನಿಗೊಂದು ಪುಸ್ತಿಕೆ ಕೊಟ್ಟು, ದಿನದಿನದ ಅಭ್ಯಾಸದಲ್ಲಿ ಗಂಡನನ್ನು ಜೊತೆಗಾರನನ್ನಾಗಿ ಮಾಡಿದರು. ಚಿಕಿತ್ಸಕರು ಮನೆಗೆ ಬಂದದ್ದು ಕೆಲವೇ ಸಲ. 1984ರಲ್ಲಿ ಅಮೆರಿಕದ ಡೇವಿಡ್ ಬಾರ್ಲೋ ಮತ್ತು ಸಂಗಡಿಗರು ಗಂಡಂದಿರನ್ನು ಚಿಕಿತ್ಸೆಯಲ್ಲಿ ಸೇರಿಸಿದ ಗುಂಪಿನ ಹೆಂಗಸರು ಒಬ್ಬರೇ ಬಂದವರಿಗಿಂತ ಹೆಚ್ಚು ಸುಧಾರಿಸಿದರೆಂದು ತೋರಿಸಿದರು. ನಮ್ಮ ಐದು ತಾಲ್ಲೂಕುಗಳಲ್ಲಿ ಈ ಬಗೆಯ ಚಿಕಿತ್ಸೆ ಕಲಿತ ಮನೋವಿಜ್ಞಾನಿ ವಾರವಾರ ಸಿಗುವುದು ಕಷ್ಟ. ಆದ್ದರಿಂದ ಈ ಪ್ರಯೋಗಗಳು ನಮಗೆ ಬಹಳ ಬೇಕಾದವು. ಗಂಡನಿಗೆ ಜೊತೆಗೆ ಹೋಗುವುದು ಆಗಲೇ ಗೊತ್ತಿದೆ. ಹಂತಹಂತವಾಗಿ ಹಿಂದೆ ಸರಿಯುವುದನ್ನು ಕಲಿಸಬೇಕು, ಅಷ್ಟೇ.

ಆಕೆಯ ಊರಿನ ಬಸ್ಸು ನಿಲ್ದಾಣದಲ್ಲಿ ಇಬ್ಬರೂ ಸುಮ್ಮನೆ ನಿಂತು ಬಸ್ಸು ಬಂದು ಹೋಗುವುದನ್ನು ನೋಡುವುದರಿಂದ ಶುರು. ಆಮೇಲೆ ಒಂದು ಸ್ಟಾಪು, ಅಕ್ಕಪಕ್ಕ ಕೂತು. ಆಮೇಲೆ ಅದೇ ಸ್ಟಾಪು, ಆಕೆ ಮುಂದಿನ ಸೀಟಿನಲ್ಲಿ, ಅವನು ಹಿಂದಿನ ಬಾಗಿಲ ಹತ್ತಿರ. ಆಮೇಲೆ ಆಕೆ ಬಸ್ಸಿನಲ್ಲಿ, ಅವನು ಗಾಡಿಯ ಮೇಲೆ ಹಿಂದೆ. ಆಮೇಲೆ ಅವನು ಮುಂದಿನ ಸ್ಟಾಪಿನಲ್ಲಿ ಕಾಯುವುದು. ಕೊನೆಗೆ ಅವನು ಕೆಲಸಕ್ಕೆ, ಆಕೆ ಸಂತೆಗೆ. ಒಂದೊಂದು ಹಂತವನ್ನು ಬೇಸರ ಬರುವಷ್ಟು ಸಲ ಮಾಡಬೇಕು. ಬೇಸರ ಬಂದಿತೆಂದರೆ ಅಂಜಿಕೆ ಹೋಯಿತೆಂದು ಅರ್ಥ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದದ್ದು ಇಂಥವರಿಗೆ ಎಷ್ಟು ಉಪಕಾರ ಮಾಡಿದೆ ಎಂಬುದನ್ನು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಒಂದೇ ದಿನ ನಾಲ್ಕು ಸಲ ಒಂದು ಸ್ಟಾಪು ಹೋಗಿ ಬಂದರೂ ಆಕೆಗೆ ಖರ್ಚಿಲ್ಲ, ಆಧಾರ್ ಕಾರ್ಡು ಕೈಯಲ್ಲಿದ್ದರಾಯಿತು.

ಒಂದೇ ನಿಯಮ ಗಟ್ಟಿ. ಅಂಜಿಕೆ ತುದಿಗೇರಿದಾಗ ಇಳಿಯಬಾರದು. ಇಳಿದರೆ ಬಸ್ಸು ಅಪಾಯವೆಂಬ ಪಾಠ ಮತ್ತಷ್ಟು ಗಟ್ಟಿಯಾಗುತ್ತದೆ. ಅಂಜಿಕೆ ಸ್ವಲ್ಪ ತಗ್ಗುವವರೆಗೆ ಕೂತಿದ್ದು ಆಮೇಲೆ ಇಳಿಯಬೇಕು. ಒಂದು ಸಲ ಆಕೆ ನಡುವೆಯೇ ಇಳಿದುಬಿಟ್ಟಳು. ಅಂದು ಮನೆಯಲ್ಲಿ ಎಲ್ಲರೂ ಮುಗಿಯಿತು ಎಂದುಕೊಂಡರು. ಮುಗಿದಿರಲಿಲ್ಲ. ಮರುದಿನ ಒಂದು ಹಂತ ಕೆಳಗಿಳಿದು ಮತ್ತೆ ಶುರುಮಾಡಿದೆವು. ಗಾಬರಿ ಮನೆಯಲ್ಲೇ ಬಂದರೆ ಮಾಡಬೇಕಾದದ್ದೂ ಇದೇ ಜಾತಿಯದು. ಗಾಡಿ ಹೊರಗೆ ತೆಗೆಯುವುದು, ಈರುಳ್ಳಿ ಮೂಸಿಸುವುದು, ಕೈಕಾಲು ತಿಕ್ಕುವುದು, ಓಣಿಯವರನ್ನು ಕೂಡಿಸುವುದು ಬೇಡ. ಪಕ್ಕದಲ್ಲಿ ಕೂತು ಗಡಿಯಾರ ನೋಡಿ. ಬೇಕಿದ್ದರೆ ಇಬ್ಬರೂ ಮೂಗಿನಿಂದ ನಿಧಾನವಾಗಿ ಉಸಿರೆಳೆದು ಅದಕ್ಕಿಂತ ನಿಧಾನವಾಗಿ ಬಿಡಿ.

ಇನ್ನು ಗಂಡನ ಮಾತು. ಆಕೆ ಗುಣವಾದ ಮೇಲೆ ಭಜನೆಗೆ ಹೋಗುತ್ತೇನೆ ಎಂದ. ನಾನು ಒಪ್ಪಲಿಲ್ಲ. ಏಕಾದಶಿಯ ಭಜನೆ ಮೊದಲ ತಿಂಗಳಿನಿಂದಲೇ ಶುರುವಾಗಬೇಕು ಎಂದೆ, ಅದನ್ನೂ ಹಂತಗಳ ಪಟ್ಟಿಯಲ್ಲಿ ಸೇರಿಸಿದೆ. ಮೊದಲ ಸಲ ಒಂದೇ ತಾಸು. ಅಂದು ಆಕೆಗೆ ಅಂಜಿಕೆ ಬಂತು, ಅತ್ತುಕೊಂಡಳು, ತಾಳಿಕೊಂಡಳು. ಅವನು ಹಾರ್ಮೋನಿಯಂ ಮುಂದೆ ಕೂತರೂ ಅವನ ಕಿವಿ ಜೇಬಿನ ಫೋನಿನ ಕಡೆಗೇ ಇತ್ತಂತೆ. ಆಮೇಲೆ ಅವನಿಗೂ ಚಿಕಿತ್ಸೆ ಬೇಕಾಗಿದೆಯೆಂದು ಗೊತ್ತಾಯಿತು. ವರ್ಷಗಟ್ಟಲೆ ಕಾವಲು ಕೂತವನಿಗೆ ಕಾವಲು ಬಿಡುವುದೂ ಅಂಜಿಕೆಯೇ. ಆಕೆಗೆ ಗುಣವಾದರೆ ತನ್ನ ಅಗತ್ಯವೇ ಇರುವುದಿಲ್ಲವೇನೋ ಎಂಬ ಮಾತನ್ನು ಆತ ಒಂದು ದಿನ ಬಹಳ ನಾಚಿಕೊಂಡು ಹೇಳಿದ. ಇದು ಅಪರೂಪದ ಭಾವನೆಯಲ್ಲ, ನಾಚಿಕೊಳ್ಳುವಂಥದ್ದೂ ಅಲ್ಲ. ಆದರೆ ಹೊರಗೆ ಬಾರದಿದ್ದರೆ ಅದು ಗುಟ್ಟಾಗಿ ಚಿಕಿತ್ಸೆಯನ್ನು ಎಳೆದು ಹಿಡಿಯುತ್ತದೆ.

ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ತಂಬಾಕೋ ಸೆರೆಯೋ ಹೆಚ್ಚುತ್ತಿದ್ದರೆ, ಮನೆಗೆ ಹೋಗುವ ಹೊತ್ತಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿದ್ದರೆ, ಸತ್ತರೆ ಸಾಕು ಎಂಬ ವಿಚಾರ ಒಮ್ಮೆಯಾದರೂ ಬಂದಿದ್ದರೆ, ಸಂಗಾತಿ ತನ್ನದೇ ಹೆಸರಿನಲ್ಲಿ ಚೀಟಿ ಮಾಡಿಸಿ ವೈದ್ಯರನ್ನು ಕಾಣಬೇಕು. ಹೆಂಡತಿಯ ಚೀಟಿಯ ಹಿಂದೆ ನಿಂತು ತನ್ನದನ್ನು ಹೇಳಿದರೆ ಅದು ಯಾರ ಕಿವಿಗೂ ಬೀಳುವುದಿಲ್ಲ.

ಹಂಗಾಮು ಮತ್ತೆ ಶುರುವಾದಾಗ ಆತ ವಾರಕ್ಕೆ ಎರಡು ರಾತ್ರಿ ಪಾಳಿಯಿಂದ ಆರಂಭಿಸಿದ. ಹಂಗಾಮು ಮುಗಿಯುವ ಹೊತ್ತಿಗೆ ಎಲ್ಲರ ಹಾಗೆ ಪಾಳಿ ಮಾಡುತ್ತಿದ್ದ. ಆಕೆಗೆ ಈಗಲೂ ಕೆಲವು ಸಲ ಎದೆ ಬಡಿದುಕೊಳ್ಳುತ್ತದೆ. ಜಾತ್ರೆಯ ನೂಕಾಟಕ್ಕೆ ಇನ್ನೂ ಹೋಗಿಲ್ಲ. ಪೂರ್ತಿ ಅಳಿಸಿಹೋಗುತ್ತದೆ ಎಂದು ನಾವು ಮಾತು ಕೊಟ್ಟಿರಲಿಲ್ಲ. ಅಂಜಿಕೆಯಿದ್ದೂ ಬದುಕು ನಡೆಯುತ್ತದೆ ಎಂಬಷ್ಟಕ್ಕೆ ಅವರಿಬ್ಬರೂ ಬಂದಿದ್ದಾರೆ.

ಕಾಯಿಲೆ ಗಂಡನಿಗಿದ್ದು, ಸಂಭಾಳಿಸುವವಳು ಹೆಂಡತಿಯಾದರೆ ಕತೆ ಬೇರೆಯಾಗುತ್ತದೆ. ಅದನ್ನು ಹೇಳದೆ ಮುಗಿಸಿದರೆ ಅನ್ಯಾಯವಾಗುತ್ತದೆ. ನಮ್ಮ ಗಂಡಸರು ಅಂಜಿಕೆ ಎಂದು ಹೇಳಿಕೊಳ್ಳುವುದಿಲ್ಲ. ಸಿಟ್ಟಾಗಿ, ಕುಡಿತವಾಗಿ ಅದು ಹೊರಬೀಳುತ್ತದೆ. ಸಂಜೆ ಕುಡಿದಾಗ ಎದೆ ತಣ್ಣಗಾಗುತ್ತದೆ, ಬೆಳಗಿನ ಜಾವ ಸೆರೆ ಇಳಿಯುವಾಗ ಎರಡು ಪಟ್ಟು ಬಡಿಯುತ್ತದೆ, ಮತ್ತೆ ಸಂಜೆಯನ್ನು ಕಾಯುವುದು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಒಬ್ಬಾಕೆ ಗಂಡನ ಸಾಲದ ಚಿಂತೆಗೆ ರಾತ್ರಿಯಿಡೀ ಉತ್ತರ ಕೊಟ್ಟು, ಬೆಳಿಗ್ಗೆ ಎದ್ದು ಮತ್ತೆ ಬೀಡಿಗೆ ಕೂರುತ್ತಿದ್ದಳು. ‘ಮಗ ಮನಿ ಮುಟ್ಟಿದ್ನೋ ಇಲ್ಲೋ, ಬ್ಯಾಂಕಿನವ್ರು ಬರ್ತಾರೇನ’ ಎಂಬ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಆಕೆಗೆ ಹೇಳಿಕೊಟ್ಟದ್ದು ಒಂದೇ ಸಣ್ಣ ಸಂಗತಿ. ಸಂಜೆ ಊಟಕ್ಕೆ ಮುಂಚೆ ಅರ್ಧ ತಾಸು ಸಾಲದ ವಹಿ ತೆಗೆದು ಇಬ್ಬರೂ ಕೂತು ಮಾತಾಡಬೇಕು. ಆಮೇಲೆ ಕೇಳಿದರೆ ‘ನಾಳಿ ವಹಿ ತಗದಾಗ ಕೇಳ್ರಿ’ ಎನ್ನಬೇಕು. ಇದರಿಂದ ಆಕೆಗೆ ರಾತ್ರಿಯ ನಿದ್ದೆ ಮರಳಿತು.

ಹೆಂಗಸು ಹೀಗೆ ಹಿಂದೆ ಸರಿದರೆ ಮನೆಯವರು ಆಕೆಯನ್ನೇ ಅನ್ನುತ್ತಾರೆ, ‘ಗಂಡನ್ನ ನೋಡವಲ್ಲಳು’ ಎಂದು. ಆದ್ದರಿಂದ ಆಕೆ ಹಿಂದೆ ಸರಿಯುವುದೂ ಚಿಕಿತ್ಸೆಯೇ ಎಂಬ ಮಾತು ವೈದ್ಯರ ಬಾಯಿಂದ ಮಾವನ ಎದುರು ಬರುವಂತೆ ಮಾಡುವುದು ಒಳ್ಳೆಯದು. ಒಂದು ಮಾತು ಮಾತ್ರ ಸ್ಪಷ್ಟ. ಆತಂಕದ ಕಾಯಿಲೆ ಯಾರ ಕೈಯಿಂದಲೂ ಹೊಡೆಸುವುದಿಲ್ಲ. ಹೊಡೆತ ಬಿದ್ದರೆ ಅಲ್ಲಿ ಈ ಹಂತಗಳ ಲೆಕ್ಕ ನಿಲ್ಲುತ್ತದೆ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112.

ಎಲ್ಲಿಗೆ ಹೋಗಬೇಕು ಎಂದರೆ, ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೆ. ಮನೋಚೈತನ್ಯ ಎಂಬ ರಾಜ್ಯದ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರ ಬಳಿಯೋ ಕೇಳಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮನೆಯಿಂದಲೇ ಮಾತಾಡಬೇಕಿದ್ದರೆ 14416, ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು, ಗಡಿಯ ಮನೆಗಳವರು ಮರಾಠಿಯಲ್ಲೂ ಮಾತಾಡಬಹುದು. ಅದು ರೋಗಿಗಳಿಗೆ ಮಾತ್ರ ಇರುವುದಲ್ಲ, ಸಂಗಾತಿಗಳೂ ಕರೆ ಮಾಡಬಹುದು.

ಹೋಗುವಾಗ ಆ ದಪ್ಪ ಚೀಲವನ್ನು ಒಯ್ಯಿರಿ. ಜೊತೆಗೆ ಎರಡು ಹಾಳೆ ಬರೆದುಕೊಂಡು ಹೋಗಿ. ಒಂದರಲ್ಲಿ ಅಂಜಿಕೆ ಯಾವಾಗ ಬರುತ್ತದೆ, ಎಷ್ಟು ನಿಮಿಷ ಇರುತ್ತದೆ, ಆಗ ನೀವು ಏನು ಮಾಡುತ್ತೀರಿ ಎಂಬುದು. ಇನ್ನೊಂದರಲ್ಲಿ ಈ ವರ್ಷ ನೀವು ಬಿಟ್ಟಿರುವ ಕೆಲಸಗಳು. ಎರಡನ್ನೂ ವೈದ್ಯರ ಮುಂದೆ ಇಡಿ. ಎರಡನೆಯ ಹಾಳೆಯನ್ನು ಅವರು ಕೇಳದಿದ್ದರೂ ನೀವಾಗಿಯೇ ಕೊಡಿ.